ಕೈ ಎತ್ತಿದರೆ ಸಾಕೆ? ಬೋರ್ಡಾ ಎಣಿಕೆಯ ಗುಣವೂ ಅಪಾಯವೂ

ಬಹುಮತ ಎಂಬ ಮಾತನ್ನು ನಾವು ದಿನಕ್ಕೆ ಹತ್ತು ಸಲ ಆಡುತ್ತೇವೆ. ಸಂಘದ ಸಭೆಯಲ್ಲಿ ಬಹುಮತ, ಪುರಸಭೆಯಲ್ಲಿ ಬಹುಮತ, ವಿಧಾನ ಸಭೆಯಲ್ಲಿ ಬಹುಮತ. ಎದುರಿಗೆ ಎರಡೇ ದಾರಿಗಳಿರುವಾಗ ಈ ಮಾತಿಗೆ ಅರ್ಥ ಸ್ಪಷ್ಟವಾಗಿದೆ. ಮುಷ್ಕರ ಹೂಡಬೇಕೆ, ಬೇಡವೆ? ಬೇಕೆನ್ನುವವರು ಒಂದು ಕಡೆ, ಬೇಡವೆನ್ನುವವರು ಇನ್ನೊಂದು ಕಡೆ. ಹೆಚ್ಚು ಜನ ಯಾವ ಕಡೆಯೋ ತೀರ್ಮಾನವೂ ಆ ಕಡೆ. ಆದರೆ ದಾರಿಗಳು ಮೂರೋ ನಾಲ್ಕೋ ಆದ ಕೂಡಲೇ ಬಹುಮತವೆಂಬುದು ಕೈಗೆ ಸಿಗದೆ ಜಾರುತ್ತದೆ. ಆಗ ನಾವು ಏನು ಮಾಡುತ್ತೇವೆ? ಒಂದೊಂದೇ ಹೆಸರು ಕೂಗಿ ಕೈ ಎತ್ತಿಸುತ್ತೇವೆ. ಎಲ್ಲಕ್ಕಿಂತ ಹೆಚ್ಚು ಕೈ ಎದ್ದ ಹೆಸರಿಗೆ ಬಹುಮತ ಬಂದಿತೆಂದು ಬರೆದುಕೊಂಡು ಮನೆಗೆ ಹೋಗುತ್ತೇವೆ. ಅದು ಬಹುಮತವಲ್ಲ. ಎಷ್ಟೋ ಸಲ ಸಭೆಯ ಅರ್ಧದಷ್ಟು ಜನರಿಗೆ ಎಲ್ಲಕ್ಕಿಂತ ಬೇಡವಾದುದೇ ಹೀಗೆ ಗೆದ್ದು ಬರುತ್ತದೆ.

ಇದನ್ನು ಲೆಕ್ಕದಿಂದಲೇ ತೋರಿಸುತ್ತೇವೆ. ಲೆಕ್ಕ ಕೂಡುವುದು ಕಳೆಯುವುದಷ್ಟೇ. ಕಿರಾಣಿ ಅಂಗಡಿಯ ಉದ್ದರಿ ಪುಸ್ತಕ ಬಲ್ಲ ಯಾರಿಗೂ ಇದು ಕಷ್ಟವಾಗಲಾರದು.

ಗಿರಣಿಯ ಕೆಲಸಗಾರರೂ ಪೇಟೆಯ ಸಣ್ಣ ಅಂಗಡಿಕಾರರೂ ಕೂಡಿ ನಡೆಸುವ ಒಂದು ಚಿತ್ರ ಸಂಘವಿದೆ ಎಂದಿಟ್ಟುಕೊಳ್ಳೋಣ. ಸದಸ್ಯರು 30 ಜನ. ಮೇ ದಿನದಂದು ಮನೆಮಂದಿಯನ್ನೆಲ್ಲ ಕರೆದು ಒಂದು ಚಿತ್ರ ತೋರಿಸಲು ಸಂಘದ ಪೆಟ್ಟಿಗೆಯಲ್ಲಿ ಹಣವಿದೆ. ಎರಡು ಚಿತ್ರಕ್ಕೆ ಇಲ್ಲ. ಸದಸ್ಯರೆಲ್ಲರೂ ನೋಡಿರುವ ನಾಲ್ಕು ಚಿತ್ರಗಳು ಪಟ್ಟಿಯಲ್ಲಿವೆ: 1970ರ ‘ಸಂಸ್ಕಾರ’, 1972ರ ‘ಬಂಗಾರದ ಮನುಷ್ಯ’, 1974ರ ‘ಭೂತಯ್ಯನ ಮಗ ಅಯ್ಯು’, 1975ರ ‘ಚೋಮನ ದುಡಿ’. ಯಾವುದನ್ನು ತರಿಸಬೇಕು?

ನೇಯ್ಗೆ ಖಾತೆಯ 12 ಜನರಿಗೆ ‘ಬಂಗಾರದ ಮನುಷ್ಯ’ ಮೊದಲು, ಆಮೇಲೆ ‘ಭೂತಯ್ಯ’, ಆಮೇಲೆ ‘ಚೋಮ’, ಕಡೆಗೆ ‘ಸಂಸ್ಕಾರ’.

ನೂಲುವ ಖಾತೆಯ 9 ಜನರಿಗೆ ‘ಚೋಮ’ ಮೊದಲು, ‘ಭೂತಯ್ಯ’ ಎರಡನೆಯದು, ‘ಸಂಸ್ಕಾರ’ ಮೂರನೆಯದು, ‘ಬಂಗಾರದ ಮನುಷ್ಯ’ ಕಡೆಯದು.

ಅಂಗಡಿಕಾರರು 6 ಜನ. ಅವರಿಗೆ ‘ಸಂಸ್ಕಾರ’ ಮೊದಲು, ‘ಚೋಮ’ ಎರಡನೆಯದು, ‘ಭೂತಯ್ಯ’ ಮೂರನೆಯದು, ‘ಬಂಗಾರದ ಮನುಷ್ಯ’ ಕಡೆಯದು.

ಬಣ್ಣದ ಖಾತೆಯ 3 ಜನರಿಗೆ ‘ಭೂತಯ್ಯ’ ಮೊದಲು, ‘ಬಂಗಾರದ ಮನುಷ್ಯ’ ಎರಡನೆಯದು, ‘ಚೋಮ’ ಮೂರನೆಯದು, ‘ಸಂಸ್ಕಾರ’ ಕಡೆಯದು.

ಈಗ ರೂಢಿಯಂತೆ ಕೈ ಎತ್ತಿಸಿ ನೋಡಿ. ‘ಬಂಗಾರದ ಮನುಷ್ಯ’ಕ್ಕೆ 12 ಕೈ, ‘ಚೋಮ’ನಿಗೆ 9, ‘ಸಂಸ್ಕಾರ’ಕ್ಕೆ 6, ‘ಭೂತಯ್ಯ’ನಿಗೆ 3. ‘ಬಂಗಾರದ ಮನುಷ್ಯ’ ಗೆದ್ದಿತು. ಆದರೆ ನೂಲುವ ಖಾತೆಯ 9 ಜನರೂ ಅಂಗಡಿಕಾರರು 6 ಜನರೂ ಅದನ್ನು ಕಟ್ಟಕಡೆಗೆ ಇಟ್ಟಿದ್ದಾರೆ. ಸಂಘದ ಸರಿಯಾಗಿ ಅರ್ಧ ಜನ ಉಳಿದ ಮೂರರಲ್ಲಿ ಯಾವುದಾದರೂ ಆದೀತು, ಇದೊಂದು ಬೇಡ ಎನ್ನುತ್ತಿದ್ದಾರೆ. ಕೈ ಎತ್ತಿಸುವ ಪದ್ಧತಿ ಅವರನ್ನು ಆ ಮಾತು ಕೇಳಲೇ ಇಲ್ಲ. ನಿನ್ನ ಮೊದಲನೆಯದು ಯಾವುದೆಂದಷ್ಟೇ ಕೇಳಿತು. ಉಳಿದ ಮೂರನ್ನು ಕುರಿತ ಅವರ ಅಭಿಪ್ರಾಯವನ್ನು ಕಸಕ್ಕೆ ಎಸೆಯಿತು. ಚಿತ್ರದ ಗುಣವನ್ನು ಕುರಿತು ನಮ್ಮ ತಕರಾರಿಲ್ಲ. ತಕರಾರು ಇರುವುದು ಎಣಿಕೆಯ ಬಗೆಗೆ.

ಈ ದೋಷವನ್ನು ಲೆಕ್ಕವಿಟ್ಟು ತೋರಿಸಿದವರಲ್ಲಿ ಫ್ರಾನ್ಸಿನ ಜಾನ್ ಶಾರ್ಲ್ ದ ಬೋರ್ಡಾ ಎಂಬಾತ ಹೆಸರಾದವನು. 1733ರಲ್ಲಿ ಹುಟ್ಟಿದ ಈತ ಗಣಿತಜ್ಞ, ನೌಕಾದಳದ ಅಧಿಕಾರಿ. ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದೆ 1770ರಲ್ಲಿ ಈ ವಿಚಾರವನ್ನಿಟ್ಟನು. ಅದು ಅಚ್ಚಾದುದು 1784ರಲ್ಲಿ. ಫ್ರೆಂಚ್ ಕ್ರಾಂತಿಗೆ ಇನ್ನೂ ಐದು ವರ್ಷವಿತ್ತು. ಅವನು ಕೊಟ್ಟ ಉದಾಹರಣೆಯಲ್ಲಿ 21 ಮತದಾರರು, ಮೂವರು ಉಮೇದುವಾರರು. ಮೊದಲನೆಯವನಿಗೆ 8 ಮತ, ಎರಡನೆಯವನಿಗೆ 7, ಮೂರನೆಯವನಿಗೆ 6. ರೂಢಿಯ ಪ್ರಕಾರ 8 ಮತದವನು ಗೆದ್ದನು. ಆದರೆ ಉಳಿದ 13 ಜನ ಅವನನ್ನು ಕಡೆಯ ಸ್ಥಾನದಲ್ಲಿಟ್ಟಿದ್ದರು. ಎಲ್ಲರ ಪೂರ್ತಿ ಕ್ರಮವನ್ನು ಲೆಕ್ಕಕ್ಕೆ ತಂದಾಗ ಫಲಿತಾಂಶ ತಲೆಕೆಳಗಾಯಿತು: 6 ಮತದವನು ಮೊದಲನೆಯವನಾದನು, 8 ಮತದವನು ಕಡೆಯವನಾದನು.

ಬೋರ್ಡಾನ ಪದ್ಧತಿ ಇಷ್ಟೇ. ಪ್ರತಿಯೊಬ್ಬ ಮತದಾರನೂ ಒಂದೇ ಹೆಸರನ್ನಲ್ಲ, ಎಲ್ಲ ಹೆಸರುಗಳನ್ನೂ ತನಗೆ ಮೆಚ್ಚಾದ ಕ್ರಮದಲ್ಲಿ ಬರೆಯಬೇಕು. ನಾಲ್ಕು ಹೆಸರುಗಳಿದ್ದರೆ ಮೊದಲನೆಯದಕ್ಕೆ 3 ಅಂಕ, ಎರಡನೆಯದಕ್ಕೆ 2, ಮೂರನೆಯದಕ್ಕೆ 1, ಕಡೆಯದಕ್ಕೆ ಸೊನ್ನೆ. ಐದು ಹೆಸರಾದರೆ 4ರಿಂದ ಇಳಿಯುತ್ತ ಬರಬೇಕು. ಎಲ್ಲ ಚೀಟಿಗಳ ಅಂಕಗಳನ್ನು ಕೂಡಿದಾಗ ಬಂದ ಮೊತ್ತದ ಮೇಲೆ ಮೊದಲನೆಯದು ಮಾತ್ರವಲ್ಲ, ಎರಡನೆಯದು, ಮೂರನೆಯದು, ಕಡೆಯದು ಎಲ್ಲವೂ ಗೊತ್ತಾಗುತ್ತದೆ.

ಅಂಕಗಳನ್ನು ಹೀಗೇಕೆ ಕೊಡಬೇಕು, ಮನಸ್ಸಿಗೆ ಬಂದ ಸಂಖ್ಯೆ ಹಾಕಿದರೆ ಆಗದೆ ಎಂದು ಕೇಳಬಹುದು. ಅದಕ್ಕೆ ಕಾರಣವಿದೆ. ಒಂದು ಚೀಟಿಯಲ್ಲಿ ಒಂದು ಚಿತ್ರ ತನಗಿಂತ ಕೆಳಗೆ ಎಷ್ಟು ಚಿತ್ರಗಳನ್ನು ಇಟ್ಟುಕೊಂಡಿದೆಯೋ ಅಷ್ಟೇ ಅಂಕ ಅದಕ್ಕೆ. ಮೊದಲನೆಯದು ಮೂರನ್ನು ಸೋಲಿಸಿದೆ, ಆದುದರಿಂದ 3. ಕಡೆಯದು ಯಾವುದನ್ನೂ ಸೋಲಿಸಿಲ್ಲ, ಆದುದರಿಂದ ಸೊನ್ನೆ. ಅಂದರೆ ಎರಡೆರಡು ಚಿತ್ರಗಳನ್ನು ಜೋಡಿ ಕಟ್ಟಿ ಕುಸ್ತಿಗೆ ಬಿಟ್ಟು, ಒಟ್ಟು ಗೆಲುವುಗಳನ್ನು ಎಣಿಸಿದ ಹಾಗೆಯೇ ಇದು.

ನಮ್ಮ ಸಂಘದ 30 ಚೀಟಿಗಳನ್ನು ಈಗ ಎಣಿಸೋಣ. ‘ಭೂತಯ್ಯ’ನಿಗೆ ನೇಯ್ಗೆಯವರಿಂದ ಹನ್ನೆರಡೆರಡಲ 24, ನೂಲಿನವರಿಂದ ಒಂಬತ್ತೆರಡಲ 18, ಅಂಗಡಿಕಾರರಿಂದ 6, ಬಣ್ಣದವರಿಂದ ಮೂರುಮೂರಲ 9, ಒಟ್ಟು 57. ‘ಚೋಮ’ನಿಗೆ 12, 27, 12, 3, ಒಟ್ಟು 54. ‘ಬಂಗಾರದ ಮನುಷ್ಯ’ಕ್ಕೆ ನೇಯ್ಗೆಯವರ 36, ಬಣ್ಣದವರ 6, ಒಟ್ಟು 42. ‘ಸಂಸ್ಕಾರ’ಕ್ಕೆ ನೂಲಿನವರ 9, ಅಂಗಡಿಕಾರರ 18, ಒಟ್ಟು 27.

ಕೈ ಎತ್ತಿಸಿದಾಗ ಮೂರೇ ಕೈ ಪಡೆದು ಕಡೆಯಲ್ಲಿ ನಿಂತಿದ್ದ ‘ಭೂತಯ್ಯ’ ಇಲ್ಲಿ ಮೊದಲಾಯಿತು. ಇದು ಕಣ್ಕಟ್ಟಲ್ಲ. 30 ಜನರಲ್ಲಿ ಒಬ್ಬನೂ ಅದನ್ನು ಕಡೆಯಲ್ಲಿಟ್ಟಿಲ್ಲ. 24 ಜನರು ಅದನ್ನು ಮೊದಲನೆಯದಾಗಿಯೋ ಎರಡನೆಯದಾಗಿಯೋ ಬರೆದಿದ್ದಾರೆ. ಎಲ್ಲರ ಮನೆಮಂದಿಯೂ ಕೂತು ನೋಡುವ ಒಂದೇ ಪ್ರದರ್ಶನಕ್ಕೆ ಇದಕ್ಕಿಂತ ತಕ್ಕ ಆಯ್ಕೆ ಆ ಪಟ್ಟಿಯಲ್ಲಿಲ್ಲ.

ಎಣಿಕೆ ಸರಿಯಾಗಿದೆಯೆಂದು ತಿಳಿಯುವುದೂ ಸುಲಭ. ನಾಲ್ಕು ಹೆಸರಿನ ಪ್ರತಿ ಚೀಟಿಯಿಂದಲೂ 3, 2, 1 ಸೇರಿ 6 ಅಂಕ ಹೊರಡುತ್ತದೆ. 30 ಚೀಟಿಗೆ 180. ಮೇಲಿನ ನಾಲ್ಕು ಮೊತ್ತಗಳನ್ನು ಕೂಡಿ ನೋಡಿ: 57, 54, 42, 27 ಸೇರಿ 180. ಒಂದು ಅಂಕ ಹೆಚ್ಚು ಕಡಿಮೆ ಬಂದರೂ ಎಲ್ಲಿಯೋ ತಪ್ಪಿದೆ ಎಂದೇ ಅರ್ಥ. ಅಂಗಡಿಯವನು ಸಂಜೆ ಗಲ್ಲಾಪೆಟ್ಟಿಗೆಯನ್ನೂ ಪುಸ್ತಕವನ್ನೂ ತಾಳೆ ನೋಡುವಂತೆ ಎಣಿಸುವವರು ಈ ತಾಳೆಯನ್ನು ಸಭೆಯ ಎದುರಿಗೇ ನೋಡಬೇಕು.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕಾಗಿದೆ. ನಮ್ಮ ವಿಧಾನ ಪರಿಷತ್ತಿನ ಪದವೀಧರರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲಿಯೂ, ರಾಜ್ಯಸಭೆಯ ಚುನಾವಣೆಯಲ್ಲಿಯೂ 1, 2, 3 ಎಂದು ಪ್ರಾಶಸ್ತ್ಯ ಬರೆಯುವ ಕ್ರಮವಿದೆ. ಅದೂ ಇದೂ ಒಂದೇ ಎಂದು ಹಲವರು ತಿಳಿದಿದ್ದಾರೆ. ಬರೆಯುವುದು ಒಂದೇ ರೀತಿ, ಎಣಿಸುವುದು ಬೇರೆ. ಅಲ್ಲಿ ಮೊದಲ ಪ್ರಾಶಸ್ತ್ಯದ ಮತಗಳನ್ನೇ ಮೊದಲು ಎಣಿಸುತ್ತಾರೆ. ಬೇಕಾದಷ್ಟು ಮತ ಯಾರಿಗೂ ಬಾರದಿದ್ದರೆ ಎಲ್ಲರಿಗಿಂತ ಕಡಿಮೆಯವನನ್ನು ಕಣದಿಂದ ತೆಗೆದು, ಅವನ ಚೀಟಿಗಳಲ್ಲಿನ ಎರಡನೆಯ ಹೆಸರಿಗೆ ಆ ಮತಗಳನ್ನು ದಾಟಿಸುತ್ತಾರೆ. ಆ ರೀತಿ ಎಣಿಸಿದರೆ ನಮ್ಮ ಉದಾಹರಣೆಯಲ್ಲಿ ಮೂರೇ ಮೊದಲ ಪ್ರಾಶಸ್ತ್ಯವುಳ್ಳ ‘ಭೂತಯ್ಯ’ ಎಲ್ಲಕ್ಕಿಂತ ಮುಂಚೆ ಹೊರಬೀಳುತ್ತಿತ್ತು; 21 ಜನರು ಅದನ್ನು ಎರಡನೆಯದಾಗಿ ಬರೆದಿದ್ದುದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಬೋರ್ಡಾ ಎಣಿಕೆ ಯಾರ ಎರಡನೆಯ ಮಾತನ್ನೂ ಕಾಯಿಸುವುದಿಲ್ಲ. ಎಲ್ಲವನ್ನೂ ಒಂದೇ ಸಲಕ್ಕೆ ತೂಗುತ್ತದೆ.

ಇಷ್ಟು ಕೇಳಿದ ಕಾರ್ಯಕರ್ತರು ಹಾಗಾದರೆ ಎಲ್ಲ ಚುನಾವಣೆಗೂ ಇದನ್ನೇ ತರಬೇಕೆಂದು ಹೊರಡುವುದುಂಟು. ಅವರು ಸ್ವಲ್ಪ ತಡೆಯಬೇಕು. ಈ ಪದ್ಧತಿಯಲ್ಲಿ ಎರಡು ಬಿರುಕುಗಳಿವೆ. ಅವನ್ನು ಕಾಣದೆ ಇದನ್ನು ಹಿಡಿದವರು ಕೈ ಸುಟ್ಟುಕೊಳ್ಳುತ್ತಾರೆ.

ಮೊದಲನೆಯ ಬಿರುಕು ಸುಳ್ಳು ಚೀಟಿ. ಚೀಟಿ ಬರೆಯುವ ಮುನ್ನಾದಿನ ಹವಾ ಹೇಗಿದೆಯೆಂದು ನೂಲುವ ಖಾತೆಯವರಿಗೆ ತಿಳಿಯಿತೆನ್ನಿ. ತಮ್ಮ ‘ಚೋಮ’ನಿಗೆ ಎದುರಾಳಿ ‘ಭೂತಯ್ಯ’ ಎಂದು ಗೊತ್ತಾಯಿತು. ಅವರಿಗೆ ನಿಜವಾಗಿ ‘ಭೂತಯ್ಯ’ ಎರಡನೆಯ ಮೆಚ್ಚಿನ ಚಿತ್ರ. ಆದರೂ 9 ಜನರೂ ಮಾತಾಡಿಕೊಂಡು ಅದನ್ನು ಬೇಕೆಂದೇ ಕಟ್ಟಕಡೆಗೆ ತಳ್ಳುತ್ತಾರೆ: ‘ಚೋಮ’, ‘ಸಂಸ್ಕಾರ’, ‘ಬಂಗಾರದ ಮನುಷ್ಯ’, ‘ಭೂತಯ್ಯ’. ಈಗ ‘ಭೂತಯ್ಯ’ನ 57ರಲ್ಲಿ 18 ಕಳೆದು 39 ಆಯಿತು. ‘ಸಂಸ್ಕಾರ’ 36ಕ್ಕೆ, ‘ಬಂಗಾರದ ಮನುಷ್ಯ’ 51ಕ್ಕೆ ಏರಿದವು. ‘ಚೋಮ’ ಇದ್ದಲ್ಲೇ 54ರಲ್ಲಿದ್ದು ಗೆದ್ದಿತು. ಒಂಬತ್ತು ಜನರ ಒಳಸಂಚಿಗೆ ಮೂವತ್ತು ಜನರ ಫಲಿತಾಂಶ ಬದಲಾಯಿತು.

ಆದರೆ ಗುಟ್ಟು ಒಂದು ಖಾತೆಯಲ್ಲೇ ಉಳಿಯುತ್ತದೆಯೆ? ಊಟದ ಹೊತ್ತಿಗೆ ಅದು ನೇಯ್ಗೆ ಖಾತೆಗೂ ಮುಟ್ಟುತ್ತದೆ. ತಮ್ಮ ‘ಬಂಗಾರದ ಮನುಷ್ಯ’ 51ಕ್ಕೆ ಬಂದಿದೆ, ‘ಚೋಮ’ನನ್ನು ಕೆಳಗಿಳಿಸಿದರೆ ಸಾಕು ಎಂದು ಅವರೂ ಲೆಕ್ಕ ಹಾಕುತ್ತಾರೆ. 12 ಜನರೂ ಮೂರನೆಯ ಸ್ಥಾನದ ‘ಚೋಮ’ನನ್ನು ಕಡೆಗೆ ತಳ್ಳಿ ‘ಸಂಸ್ಕಾರ’ವನ್ನು ಮೂರಕ್ಕೆ ಏರಿಸುತ್ತಾರೆ. ಈಗ ಮೊತ್ತ ನೋಡಿ: ‘ಬಂಗಾರದ ಮನುಷ್ಯ’ 51, ‘ಸಂಸ್ಕಾರ’ 48, ‘ಚೋಮ’ 42, ‘ಭೂತಯ್ಯ’ 39. ಕೂಡಿದರೆ ಮತ್ತೆ 180. ತಾಳೆ ಸರಿಯಾಗಿಯೇ ಇದೆ. ಆದರೆ ಪ್ರಾಮಾಣಿಕ ಎಣಿಕೆಯಲ್ಲಿ ಮೊದಲನೆಯದಾಗಿದ್ದದ್ದು ಕಡೆಯದಾಯಿತು. ಸಂಚು ಶುರುಮಾಡಿದ ನೂಲುವ ಖಾತೆಯವರಿಗೆ ಸಿಕ್ಕಿದ್ದೇನು? ಅವರಿಗೆ ಎಲ್ಲಕ್ಕಿಂತ ಬೇಡವಾಗಿದ್ದ ಚಿತ್ರವೇ ಸಿಕ್ಕಿತು. ತಾವು ತೋಡಿದ ಹಳ್ಳಕ್ಕೆ ತಾವೇ ಬಿದ್ದರು. ಬಿದ್ದದ್ದಲ್ಲದೆ ಇಡೀ ಸಂಘವನ್ನೂ ಎಳೆದುಕೊಂಡು ಬಿದ್ದರು.

ಸುಳ್ಳು ಚೀಟಿಯನ್ನು ಎಣಿಕೆ ತಾನಾಗಿ ಪತ್ತೆ ಹಚ್ಚಲಾರದು. ಆದರೆ ಗುರುತುಗಳುಂಟು. ಒಂದು ಗುಂಪಿನ ಚೀಟಿಗಳೆಲ್ಲ ಅಚ್ಚು ಹಾಕಿದಂತೆ ಒಂದೇ ಕ್ರಮದಲ್ಲಿರುವುದು ಒಂದು. ಬೇರೆಲ್ಲರೂ ಮೇಲೆ ಬರೆದ ಚಿತ್ರವನ್ನು ಆ ಗುಂಪು ಮಾತ್ರ ಕಟ್ಟಕಡೆಗೆ, ತಾನೇ ಸದಾ ಹಳಿಯುವ ಚಿತ್ರಕ್ಕಿಂತಲೂ ಕೆಳಗೆ, ಬರೆದಿರುವುದು ಇನ್ನೊಂದು. ಇವೆರಡೂ ಕೂಡಿ ಬಂದರೆ ಅಲ್ಲಿ ರುಚಿ ಮಾತಾಡಿಲ್ಲ, ಹಂಚಿಕೆ ಮಾತಾಡಿದೆ ಎಂದು ತಿಳಿಯಬಹುದು. ಇಂಥ ದಾರಿ ಇದೆಯೆಂದು ಬೋರ್ಡಾನ ಕಾಲದಲ್ಲೇ ಆಕ್ಷೇಪ ಬಂದಿತ್ತು. ತನ್ನ ಪದ್ಧತಿ ಪ್ರಾಮಾಣಿಕರಿಗಾಗಿ ಮಾತ್ರ ಎಂದು ಅವನು ಉತ್ತರ ಕೊಟ್ಟನೆಂದು ಹೇಳಿಕೆಯಿದೆ. ಉತ್ತರ ಚೆನ್ನಾಗಿದೆ; ಆದರೆ ಪ್ರಾಮಾಣಿಕರನ್ನು ಒಂದು ಕಡೆ ಆರಿಸಿ ಇಟ್ಟು ಚುನಾವಣೆ ನಡೆಸುವ ಊರು ಎಲ್ಲಿದೆ?

ಇದರ ತಮ್ಮನಂಥ ಇನ್ನೊಂದು ಉಪಾಯವೂ ಉಂಟು. ತನ್ನ ಒಂದೇ ಹೆಸರನ್ನು ಬರೆದು ಉಳಿದ ಜಾಗ ಖಾಲಿ ಬಿಡುವುದು. ನೂಲುವ ಖಾತೆಯವರು ‘ಚೋಮ’ ಎಂದಷ್ಟೇ ಬರೆದು, ಎಣಿಸುವವರು ಅದಕ್ಕೆ 3 ಅಂಕ ಕೊಟ್ಟು ಉಳಿದವಕ್ಕೆ ಸೊನ್ನೆ ಹಾಕಿದರೆ ‘ಭೂತಯ್ಯ’ 39ಕ್ಕೆ ಇಳಿದು ‘ಚೋಮ’ 54ರಲ್ಲಿ ಗೆಲ್ಲುತ್ತದೆ. ಪೂರ್ತಿ ಬರೆದ ಸಾಧು ಸದಸ್ಯನಿಗೆ ನಷ್ಟ, ಅರ್ಧ ಬರೆದ ಚತುರನಿಗೆ ಲಾಭ. ಇದಕ್ಕೆ ಮದ್ದು ಸುಲಭವಾಗಿದೆ. ಬರೆದ ಹೆಸರುಗಳೊಳಗೆ ಎಷ್ಟು ಹೋಲಿಕೆಯಾಗಿದೆಯೋ ಅಷ್ಟಕ್ಕೇ ಅಂಕ ಎಂದು ನಿಯಮ ಮಾಡಬೇಕು. ನಾಲ್ಕು ಬರೆದವನ ಮೊದಲ ಹೆಸರಿಗೆ 3, ಮೂರು ಬರೆದವನದಕ್ಕೆ 2, ಎರಡು ಬರೆದವನದಕ್ಕೆ 1. ಒಂದೇ ಬರೆದವನು ಯಾವುದನ್ನೂ ಹೋಲಿಸಿಲ್ಲ. ಅವನ ಚೀಟಿಗೆ ಬೆಲೆಯೂ ಇಲ್ಲ. ಇಂಥ ನಿಯಮವಿರುವಲ್ಲಿ ಚೀಟಿಗೆ ಆರರಂತೆ ತಾಳೆ ಬರುವುದಿಲ್ಲ. ನಾಲ್ಕು ಹೆಸರಿನ ಚೀಟಿಗೆ 6, ಮೂರರದಕ್ಕೆ 3, ಎರಡರದಕ್ಕೆ 1 ಎಂದು ತಾಳೆ ನೋಡಬೇಕು.

ಎರಡನೆಯ ಬಿರುಕು ಪಟ್ಟಿಯಲ್ಲಿದೆ. ಇದು ಮೊದಲನೆಯದಕ್ಕಿಂತ ಅಪಾಯಕಾರಿ, ಏಕೆಂದರೆ ಇಲ್ಲಿ ಒಬ್ಬನೂ ಸುಳ್ಳು ಬರೆಯಬೇಕಾಗಿಲ್ಲ. ನಮ್ಮ ಸಂಘದ ಮೊದಲಿನ ಪ್ರಾಮಾಣಿಕ ಚೀಟಿಗಳಿಗೇ ಹಿಂತಿರುಗೋಣ. ‘ಭೂತಯ್ಯ’ 57, ‘ಚೋಮ’ 54. ಈಗ ಯಾರೋ ಒಬ್ಬರು ಐದನೆಯ ಚಿತ್ರವೊಂದನ್ನು ಸೂಚಿಸುತ್ತಾರೆ. ಅದು ‘ಚೋಮನ ದುಡಿ’ಯ ಬಗೆಯದೇ, ಆದರೆ ಅಷ್ಟು ಮೆಚ್ಚಿಗೆಯದಲ್ಲ. ಆದುದರಿಂದ 30 ಜನರೂ ತಮ್ಮ ತಮ್ಮ ಚೀಟಿಯಲ್ಲಿ ‘ಚೋಮ’ನ ಹಿಂದೆಯೇ ಅದನ್ನು ಬರೆಯುತ್ತಾರೆ. ಅದು ಗೆಲ್ಲುವ ಚಿತ್ರವಲ್ಲವೆಂದು ಎಲ್ಲರಿಗೂ ಗೊತ್ತು. ಹಾಗಿದ್ದರೂ ಏನಾಯಿತು ನೋಡಿ. ತನಗಿಂತ ಕೆಳಗೆ ಇನ್ನೊಂದು ಚಿತ್ರ ಸೇರಿದ್ದರಿಂದ ‘ಚೋಮ’ನಿಗೆ ಪ್ರತಿ ಚೀಟಿಯಲ್ಲಿಯೂ ಒಂದೊಂದು ಅಂಕ ಹೆಚ್ಚಿತು, 54ಕ್ಕೆ 30 ಸೇರಿ 84. ‘ಭೂತಯ್ಯ’ನಿಗೆ ಹೆಚ್ಚುವುದು ಅದು ‘ಚೋಮ’ನಿಗಿಂತ ಮೇಲಿರುವ 15 ಚೀಟಿಗಳಲ್ಲಿ ಮಾತ್ರ, 57ಕ್ಕೆ 15 ಸೇರಿ 72. ‘ಚೋಮ’ 12 ಅಂಕದಿಂದ ಗೆದ್ದಿತು! ‘ಭೂತಯ್ಯ’ನನ್ನೂ ‘ಚೋಮ’ನನ್ನೂ ಕುರಿತ ಒಬ್ಬನ ಅಭಿಪ್ರಾಯವೂ ಬದಲಾಗಿಲ್ಲ. ಪಟ್ಟಿಗೆ ಒಂದು ಬಾಲ ಕಟ್ಟಿದ್ದಷ್ಟೇ ಬದಲಾವಣೆ.

ನಮ್ಮ ಸಾಮಾನ್ಯ ಚುನಾವಣೆಯಲ್ಲಿ ಇದಕ್ಕೆ ವಿರುದ್ಧವಾದುದನ್ನು ಕಂಡಿದ್ದೇವೆ. ಒಂದೇ ಬಗೆಯ ಇಬ್ಬರು ನಿಂತರೆ ಮತ ಒಡೆದು ಇಬ್ಬರೂ ಬೀಳುತ್ತಾರೆ, ಮೂರನೆಯವನು ಗೆಲ್ಲುತ್ತಾನೆ. ಬೋರ್ಡಾ ಎಣಿಕೆಯಲ್ಲಿ ಒಂದೇ ಬಗೆಯ ಇಬ್ಬರು ನಿಂತರೆ ಹಿಂದಿನವನು ಮುಂದಿನವನಿಗೆ ಏಣಿಯಾಗುತ್ತಾನೆ. ಆದುದರಿಂದ ಹಣವುಳ್ಳವನಿಗೆ ಇಲ್ಲಿ ದಾರಿ ತೆರೆದಿದೆ: ನಾಮಪತ್ರಗಳನ್ನು ಕೊಂಡುಕೊಂಡು ಬಾಲಗಳನ್ನು ಕಟ್ಟಿಕೊಳ್ಳಬಹುದು.

ಈ ಮಾತು ಕೆಲಸಗಾರ ಸಂಘದವರಿಗೆ ಮುಖ್ಯವಾದುದು. ಸಂಘದ ಅಧ್ಯಕ್ಷ ಸ್ಥಾನದ ಚುನಾವಣೆಗೆ ಬೋರ್ಡಾ ಎಣಿಕೆಯನ್ನು ತಂದರೆ ಗಿರಣಿಯ ಮಾಲೀಕನಿಗೆ ಬೇಕಾದ ಒಬ್ಬ ಉಮೇದುವಾರನ ಬೆನ್ನಿಗೆ ಅವನಂಥವರೇ ಇಬ್ಬರನ್ನು ನಿಲ್ಲಿಸಿದರೆ ಆಯಿತು. ಅಷ್ಟೇ ಅಲ್ಲ. ಐದು ಜನರ ಒಂದು ಸಮಿತಿಯನ್ನು ತೆಗೆದುಕೊಳ್ಳಿ. ಮೂವರಿಗೆ ರಾಮ ಮೊದಲು, ಭೀಮ ಎರಡನೆಯವನು, ಸೋಮ ಕಡೆಯವನು. ಉಳಿದಿಬ್ಬರಿಗೆ ಭೀಮ ಮೊದಲು, ಸೋಮ ಎರಡನೆಯವನು, ರಾಮ ಕಡೆಯವನು. ಮೂರು ಹೆಸರಾದ್ದರಿಂದ ಅಂಕ 2, 1, ಸೊನ್ನೆ. ರಾಮನಿಗೆ 6, ಭೀಮನಿಗೆ 7, ಸೋಮನಿಗೆ 2. ಐವರಲ್ಲಿ ಮೂವರು, ಅಂದರೆ ನಿಜವಾದ ಬಹುಮತದವರು, ರಾಮನನ್ನೇ ಮೊದಲಿಟ್ಟಿದ್ದರೂ ಗೆದ್ದವನು ಭೀಮ. ಬೋರ್ಡಾನ ಸಮಕಾಲೀನನಾದ ಕೊಂಡೊರ್ಸೆ ಎಂಬ ಇನ್ನೊಬ್ಬ ಗಣಿತಜ್ಞ 1785ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹಿಡಿದ ಹಾದಿ ಬೇರೆಯಾಗಿತ್ತು. ಒಬ್ಬೊಬ್ಬ ಎದುರಾಳಿಯೊಡನೆ ನೇರ ಜೋಡಿಯಲ್ಲಿ ನಿಂತಾಗ ಎಲ್ಲರನ್ನೂ ಸೋಲಿಸುವವನೊಬ್ಬನಿದ್ದರೆ ಅವನೇ ಗೆಲ್ಲತಕ್ಕವನು ಎಂಬುದು ಅವನ ಮತ. ಆ ಲೆಕ್ಕದಲ್ಲಿ ರಾಮನು ಭೀಮನನ್ನೂ ಸೋಮನನ್ನೂ ಮೂರಕ್ಕೆ ಎರಡರಂತೆ ಸೋಲಿಸುತ್ತಾನೆ.

ಭೀಮ ಗೆದ್ದದ್ದು ನ್ಯಾಯವೋ ಅನ್ಯಾಯವೋ? ಯಾವ ಕೆಲಸಕ್ಕೆ ಆರಿಸುತ್ತಿದ್ದೇವೆ ಎಂಬುದರ ಮೇಲೆ ಅದು ನಿಂತಿದೆ ಎಂಬುದು ನಮ್ಮ ಅಭಿಪ್ರಾಯ. ಐದು ಜನ ಕೂಡಿ ನೋಡುವ ಚಿತ್ರವಾದರೆ ಇಬ್ಬರಿಗೆ ತೀರ ಬೇಡವಾದುದಕ್ಕಿಂತ ಐವರಿಗೂ ಒಗ್ಗುವುದು ಮೇಲು; ಅಲ್ಲಿ ಭೀಮನ ಗೆಲುವು ನ್ಯಾಯ. ಅಲ್ಲಿ ಯಾರೂ ಯಾರ ಹೊಟ್ಟೆಯ ಮೇಲೂ ಹೊಡೆಯುತ್ತಿಲ್ಲ. ಆದರೆ ಮಾಲೀಕನ ಎದುರು ಕೂತು ಕೂಲಿಯ ಮಾತಾಡುವ ನಾಯಕನನ್ನು ಆರಿಸುವಾಗ ಹಾಗಲ್ಲ. ಯಾರಿಗೂ ತೀರ ಬೇಡವಾಗದವನು ಎಂದರೆ ಬಹಳ ಸಲ ಯಾರಿಗಾಗಿಯೂ ಗಟ್ಟಿಯಾಗಿ ನಿಲ್ಲದವನು. ಅಲ್ಲಿ ಬಹುಮತದವರ ಸ್ಪಷ್ಟ ಆಯ್ಕೆಯನ್ನು ಅಂಕದ ತಕ್ಕಡಿಯಲ್ಲಿ ತೂಗಿ ಪಕ್ಕಕ್ಕೆ ಸರಿಸುವುದು ಅನ್ಯಾಯ. ಆದುದರಿಂದ ಸಂಘದ ಪದಾಧಿಕಾರಿಗಳ ಚುನಾವಣೆಗೆ ಬೋರ್ಡಾ ಎಣಿಕೆ ಬೇಡವೆನ್ನುತ್ತೇವೆ. ಅಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಒಬ್ಬನಿಗೆ ಬಾರದಿದ್ದರೆ ಮೇಲಿನ ಇಬ್ಬರನ್ನೇ ಉಳಿಸಿಕೊಂಡು ಮತ್ತೊಮ್ಮೆ ಮತ ಹಾಕಿಸುವುದು ಒಳ್ಳೆಯದು.

ಹಾಗೆಂದು ರಾಜ್ಯಗಳಲ್ಲಿ ಇದನ್ನು ಯಾರೂ ಬಳಸಿಲ್ಲವೆಂದಲ್ಲ. ಸ್ಲೊವೇನಿಯಾ ದೇಶದ ಸಂಸತ್ತಿನಲ್ಲಿ ಇಟಾಲಿಯನ್ ಮತ್ತು ಹಂಗೇರಿಯನ್ ಅಲ್ಪಸಂಖ್ಯಾತರಿಗೆ ಒಂದೊಂದು ಸ್ಥಾನವಿದೆ. ಆ ಎರಡು ಸ್ಥಾನಗಳಿಗೆ ಬೋರ್ಡಾ ಎಣಿಕೆಯಿಂದ ಆರಿಸುತ್ತಾರೆ. ಪೆಸಿಫಿಕ್ ಸಾಗರದ ನೌರು ಎಂಬ ಪುಟ್ಟ ದ್ವೀಪ ರಾಷ್ಟ್ರ 1971ರಿಂದ ಇದರ ಒಂದು ರೂಪಾಂತರವನ್ನು ಇಟ್ಟುಕೊಂಡಿದೆ. ಅಲ್ಲಿ ಮೊದಲ ಹೆಸರಿಗೆ 1, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಮೂರರಲ್ಲೊಂದು ಎಂದು ಅಂಕಗಳು ಇಳಿಯುತ್ತವೆ. ಮೊದಲ ಸ್ಥಾನಕ್ಕೆ ತೂಕ ಹೆಚ್ಚಿರುವುದರಿಂದ, ಕೆಳಗಿನ ಸ್ಥಾನಗಳಲ್ಲಿ ಅತ್ತಿತ್ತ ತಳ್ಳಿ ಮಾಡುವ ಆಟಕ್ಕೆ ಅಲ್ಲಿ ಲಾಭ ಕಡಿಮೆ. ಎರಡು ಕಡೆಯೂ ಮತದಾರರ ಸಂಖ್ಯೆ ಚಿಕ್ಕದು ಎಂಬುದನ್ನು ಮರೆಯಬಾರದು.

ಇನ್ನೊಂದು ಆಸೆಗೂ ಇಲ್ಲಿಯೇ ಉತ್ತರ ಹೇಳಿಬಿಡಬೇಕು. 1951–52ರ ಮೊದಲ ಮಹಾಚುನಾವಣೆಯಲ್ಲಿ ಸೋಷಲಿಸ್ಟ್ ಪಕ್ಷಕ್ಕೆ ದೇಶದಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮತ ಬಿದ್ದರೂ ಲೋಕಸಭೆಯ 489 ಸ್ಥಾನಗಳಲ್ಲಿ ದೊರೆತದ್ದು 12. ಈ ಗಾಯ ನಮ್ಮ ಪಕ್ಷದ ಹಿರಿಯರು ಮರೆತದ್ದಲ್ಲ. ಬೋರ್ಡಾ ಎಣಿಕೆ ಬಂದಿದ್ದರೆ ಇದು ಸರಿಹೋಗುತ್ತಿತ್ತೆ ಎಂದು ಕೇಳಿದರೆ, ಇಲ್ಲವೆಂದೇ ಹೇಳಬೇಕು. ಬೋರ್ಡಾನ ಲೆಕ್ಕ ಒಂದು ಕುರ್ಚಿಗೆ ಒಬ್ಬನನ್ನು ಆರಿಸುತ್ತದೆ, ಅಥವಾ ಒಂದು ಪಟ್ಟಿಯನ್ನು ಕ್ರಮದಲ್ಲಿ ಜೋಡಿಸುತ್ತದೆ. ಮತಕ್ಕೆ ತಕ್ಕಷ್ಟು ಸ್ಥಾನ ಹಂಚುವುದು ಅದರ ಕೆಲಸವಲ್ಲ. ಅದಕ್ಕೆ ಬೇಕಾದುದು ಪ್ರಮಾಣಾನುಸಾರ ಪ್ರಾತಿನಿಧ್ಯ. ಅದು ಬೇರೆಯೇ ಬೇಡಿಕೆ. ಕುಡುಗೋಲಿನಿಂದ ಮರ ಸೀಳಲು ಹೋಗಬಾರದು.

ಹಾಗಾದರೆ ಚಿತ್ರ ಸಂಘಗಳು, ವಾಚನಾಲಯಗಳು, ನಾಟಕ ಮಂಡಳಿಗಳು ಇದನ್ನು ಹೇಗೆ ಬಳಸಬೇಕು? ಐದು ಕಟ್ಟಳೆಗಳನ್ನು ನಾವು ಸೂಚಿಸುತ್ತೇವೆ. ಪಟ್ಟಿಯನ್ನು ಚೀಟಿ ಬರೆಯುವುದಕ್ಕೆ ಒಂದು ವಾರ ಮುಂಚೆ ಸಭೆಯಲ್ಲಿ ಮುಚ್ಚಬೇಕು. ಆಮೇಲೆ ಒಂದು ಹೆಸರನ್ನೂ ಸೇರಿಸಕೂಡದು, ತೆಗೆಯಕೂಡದು. ಒಂದೇ ಬಗೆಯ ಎರಡು ಚಿತ್ರಗಳಿದ್ದರೆ ಯಾವುದೊಂದು ಇರಬೇಕೆಂದು ಮೊದಲೇ ತೀರ್ಮಾನಿಸಬೇಕು. ಪಟ್ಟಿಯಲ್ಲಿ ಐದಾರು ಹೆಸರಿಗಿಂತ ಹೆಚ್ಚು ಇರಬಾರದು. ಸದಸ್ಯರು ನೋಡಿರದ ಚಿತ್ರವನ್ನು ಸೇರಿಸಬಾರದು, ಏಕೆಂದರೆ ನೋಡದ ಚಿತ್ರ ಯಾವಾಗಲೂ ಕಡೆಗೇ ಬೀಳುತ್ತದೆ, ಅದರ ದೋಷದಿಂದಲ್ಲ, ನಮ್ಮ ಅಜ್ಞಾನದಿಂದ. ಕಡೆಯದಾಗಿ, ಚೀಟಿ ಗುಟ್ಟಾಗಿರಬೇಕು, ಎಲ್ಲರೂ ಒಂದೇ ಹೊತ್ತಿಗೆ ಬರೆಯಬೇಕು. ಹವಾ ನೋಡಿ ಬರೆಯುವುದಕ್ಕೆ ಯಾರಿಗೂ ಪುರುಸೊತ್ತು ಕೊಡಬಾರದು.

ಎಣಿಕೆ ಮುಗಿದ ಮೇಲೆ ಗೆದ್ದ ಹೆಸರನ್ನಷ್ಟೇ ಸಾರಿ ಸುಮ್ಮನಾಗಬಾರದು. ಎಲ್ಲ ಮೊತ್ತಗಳನ್ನೂ ಕರಿಹಲಗೆಯ ಮೇಲೆ ಬರೆಯಬೇಕು, ತಾಳೆಯನ್ನು ತೋರಿಸಬೇಕು, ಮೊದಲೆರಡು ಚಿತ್ರಗಳಲ್ಲಿ ಯಾವುದನ್ನು ಎಷ್ಟು ಜನ ಮೇಲಿಟ್ಟರೆಂದು ಹೇಳಬೇಕು. ನಮ್ಮ ಉದಾಹರಣೆಯಲ್ಲಿ ‘ಭೂತಯ್ಯ’ ಮತ್ತು ‘ಚೋಮ’ಗಳ ನಡುವೆ 30 ಜನ ಸರಿಯಾಗಿ ಹದಿನೈದು ಹದಿನೈದಾಗಿ ಒಡೆದಿದ್ದರು. ಅಂಥ ಕಡೆ ಮೂರು ಅಂಕದ ಗೆಲುವನ್ನು ದಿಗ್ವಿಜಯವೆಂದು ಮೆರೆಸದೆ, ಈ ವರ್ಷ ‘ಭೂತಯ್ಯ’ನನ್ನು ತರಿಸಿ, ಹಣ ಕೂಡಿದಾಗ ಮುಂದಿನ ಪಾಳಿ ‘ಚೋಮ’ನದು ಎಂದು ಅದೇ ಸಭೆಯಲ್ಲಿ ನಡಾವಳಿ ಪುಸ್ತಕಕ್ಕೆ ಬರೆದಿಡುವ ಸಂಘವೇ ತನ್ನ 30 ಸದಸ್ಯರ ಮಾತನ್ನೂ ಕೇಳಿದ ಸಂಘ.